ದೇವತೆಗಳ ಪಾಲು: ಪೀಪಾಯಿಯಲ್ಲಿ ಹಳತಾಗುವ ಮದ್ಯದ ವೃತ್ತಾಂತ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ಹೆಸರುಗಳನ್ನು ಕೇಳಿದೊಡನೆ ರೇಷ್ಮೆಯ ಗೂಡು, ಮರದ ಬೊಂಬೆ, ರಾಗಿಯ ಹೊಲ, ಕೆಂಪೇಗೌಡರ ಕೋಟೆ ಇವು ನಮ್ಮ ನೆನಪಿಗೆ ಬರುವುದು ಸಹಜ. ಮದ್ಯದ ಚರಿತ್ರೆಯಲ್ಲಿಯೂ ಈ ಸೀಮೆಗೆ ಒಂದು ಸ್ಥಾನವುಂಟೆಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಹಿಂದೆ ಇಲ್ಲಿನ ಗ್ರಾಮಗಳಲ್ಲಿ ಇಳಿಸುತ್ತಿದ್ದ ಈಚಲ ಹೆಂಡವು ಅಂದಂದಿನ ಪದಾರ್ಥವಾಗಿತ್ತು. ಬೆಳಗ್ಗೆ ಸಿಹಿಯಾಗಿದ್ದುದು ಹೊತ್ತೇರಿದಂತೆ ನೊರೆಗಟ್ಟಿ, ಮರುದಿನಕ್ಕೆ ಹುಳಿತುಹೋಗುತ್ತಿತ್ತು. 2007ರಲ್ಲಿ ಸರ್ಕಾರವು ನಿಷೇಧಿಸಿದ ಸಾರಾಯಿಯೂ ಭಟ್ಟಿಯಿಳಿದ ಕೂಡಲೆ ಮಾರಾಟಕ್ಕೆ ಹೋಗುವ ಪದಾರ್ಥವೇ. ಮದ್ಯವನ್ನು ಮರದ ಪೀಪಾಯಿಯಲ್ಲಿ ವರ್ಷಾನುಗಟ್ಟಲೆ ಇಟ್ಟು ಹಳತುಮಾಡುವ ಪದ್ಧತಿ ನಮ್ಮ ನಾಡಿನದಲ್ಲ. ಆದರೂ ಬೆಂಗಳೂರಿನಿಂದ ರಾಮನಗರಕ್ಕೆ ಹೋಗುವ ಮೈಸೂರು ರಸ್ತೆಯಲ್ಲಿ, ಕೆಂಗೇರಿಯನ್ನು ದಾಟಿದ ಮೇಲೆ ಸಿಗುವ ಕಂಬೀಪುರದಲ್ಲಿ, ಆ ಪದ್ಧತಿಯು ನಮ್ಮ ಹವೆಯೊಡನೆ ಸೆಣಸಿ ಒಂದು ಹೊಸ ಪಾಠವನ್ನು ಕಲಿಸಿದೆ. ಆ ಪಾಠವನ್ನೇ ಈ ಹೊತ್ತು ನಾವು ವಿಚಾರಮಾಡೋಣ.

ಮೊದಲು ಪೀಪಾಯಿಯ ಒಳಗೆ ನಡೆಯುವುದೇನೆಂಬುದನ್ನು ತಿಳಿಯಬೇಕು. ಓಕ್ ಮರದ ಹಲಗೆಗಳಿಂದ ಕಟ್ಟಿದ ಪೀಪಾಯಿಯು ದ್ರವವನ್ನು ಸೋರಗೊಡದು. ಆದರೆ ಆವಿಯನ್ನು ತಡೆಯಲಾರದು. ನೀರೂ ಮದ್ಯಸಾರವೂ ಮರದೊಳಕ್ಕೆ ಇಂಗಿ, ಹೊರಮೈಯಿಂದ ಆವಿಯಾಗಿ ಸ್ವಲ್ಪಸ್ವಲ್ಪವಾಗಿ ಹೊರಟುಹೋಗುತ್ತವೆ. ಹೀಗೆ ವರ್ಷವರ್ಷವೂ ಕಣ್ಮರೆಯಾಗುವ ಭಾಗವನ್ನೇ ಯೂರೋಪಿನ ಭಟ್ಟಿಯವರು ‘ದೇವತೆಗಳ ಪಾಲು’ ಎಂದು ಕರೆಯುತ್ತಾರೆ. ಆ ಆವಿಯು ಕುರುಹಿಲ್ಲದೆ ಹೋಗುವುದೆಂದು ತಿಳಿಯಬಾರದು. ಫ್ರಾನ್ಸ್ ದೇಶದ ಕೊನ್ಯಾಕ್ ಪಟ್ಟಣದಲ್ಲಿ ಉಗ್ರಾಣಗಳ ಗೋಡೆ, ಹೆಂಚು, ಹತ್ತಿರದ ಮರಗಳು ಇವೆಲ್ಲ ಮಸಿ ಬಳಿದಂತೆ ಕಪ್ಪಾಗಿರುವುದನ್ನು 1872ರಲ್ಲಿ ಆಂಟೊನಿನ್ ಬೋದ್ವಾ ಎಂಬವರು ಪರೀಕ್ಷಿಸಿ, ಅದೊಂದು ಬೂಷ್ಟೆಂದು ವರದಿಮಾಡಿದರು. ಮದ್ಯಸಾರದ ಆವಿಯನ್ನು ಉಂಡು ಬೆಳೆಯುವ ಆ ಬೂಷ್ಟಿನ ಕುಲಕ್ಕೆ 2007ರಲ್ಲಿ ಅವರ ಹೆಸರನ್ನೇ ಇಡಲಾಯಿತು. ದೇವತೆಗಳ ಪಾಲಿನಲ್ಲಿ ಬೂಷ್ಟಿಗೂ ಒಂದು ತುತ್ತು ಸಲ್ಲುತ್ತದೆಂದಾಯಿತು.

ಸ್ಕಾಟ್ಲೆಂಡಿನ ತಂಪಾದ, ತೇವವುಳ್ಳ ಉಗ್ರಾಣಗಳಲ್ಲಿ ಈ ನಷ್ಟವು ವರ್ಷಕ್ಕೆ ನೂರಕ್ಕೆ ಎರಡರಷ್ಟು. ಬೆಂಗಳೂರಿನ ಸೀಮೆಯು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ನಮಗೆ ಇದು ತಂಪಾದ ಊರು. ಪೀಪಾಯಿಗಾದರೋ ಇದು ಬಿಸಿಲುನಾಡೇ ಸರಿ. ಕಂಬೀಪುರದಲ್ಲಿ ನಷ್ಟವು ನೂರಕ್ಕೆ ಹತ್ತರಿಂದ ಹನ್ನೆರಡರವರೆಗೆ ಮುಟ್ಟುತ್ತದೆ.

ಕಂಬೀಪುರದ ಭಟ್ಟಿಯು ಅಮೃತ್ ಡಿಸ್ಟಿಲರೀಸ್ ಎಂಬ ಸಂಸ್ಥೆಗೆ ಸೇರಿದ್ದು. ಇದನ್ನು 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಸ್ಥಾಪಿಸಿದರು. ಮೊಳೆಯಿಸಿದ ಜವೆಗೋಧಿಯಿಂದ ಇಲ್ಲಿ ಇಳಿಸಿದ ವಿಸ್ಕಿಯನ್ನು ಬಹುಕಾಲ ಇತರ ಮದ್ಯಗಳೊಡನೆ ಬೆರೆಸುವುದಕ್ಕೆ ಮಾತ್ರ ಉಪಯೋಗಿಸುತ್ತಿದ್ದರು. ಬೆರೆಸದೆ, ಒಂದೇ ಭಟ್ಟಿಯ ಸರಕಾಗಿ ಅದನ್ನು ಮೊದಲು ಮಾರಿದುದು 2004ರಲ್ಲಿ. ಅದೂ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಆ ಸೀಸೆಯ ಮೇಲೆ ವಯಸ್ಸನ್ನು ಬರೆದಿರಲಿಲ್ಲ. ಹನ್ನೆರಡು, ಹದಿನೆಂಟು ಎಂಬ ಅಂಕಿಗಳನ್ನು ನೋಡಿ ಬೆಲೆಕಟ್ಟುವ ಜನಕ್ಕೆ ನಾಲ್ಕೈದು ವರ್ಷದ ಸರಕೆಂದರೆ ಎಳಸೆಂದೇ ತೋರಬಹುದಾಗಿತ್ತು. ಇಲ್ಲಿನ ಒಂದು ವರ್ಷವು ಅಲ್ಲಿನ ಮೂರು ವರ್ಷಕ್ಕೆ ಸಮಾನವೆಂಬುದು ಭಟ್ಟಿಯವರ ಅಂದಾಜು.

ಈ ಮಾತನ್ನು ಲೆಕ್ಕಕ್ಕೆ ಇಳಿಸಿ ನೋಡೋಣ. 200 ಲೀಟರಿನ ಪೀಪಾಯಿಯೊಂದನ್ನು ತುಂಬಿಟ್ಟೆವೆನ್ನಿ. ನಷ್ಟವು ವರ್ಷಕ್ಕೆ ನೂರಕ್ಕೆ 11. ಮೊದಲ ವರ್ಷದ ಕೊನೆಗೆ 178 ಲೀಟರು, ನಾಲ್ಕನೆಯ ವರ್ಷದ ಕೊನೆಗೆ 125, ಎಂಟನೆಯ ವರ್ಷದ ಕೊನೆಗೆ ಹೆಚ್ಚುಕಡಮೆ 79 ಲೀಟರು ಉಳಿಯುವುವು. ಅದೇ ಪೀಪಾಯಿಯು ಸ್ಕಾಟ್ಲೆಂಡಿನಲ್ಲಿದ್ದರೆ ಎಂಟು ವರ್ಷಕ್ಕೆ 170 ಲೀಟರು ಉಳಿದಿರುತ್ತಿತ್ತು; 79ಕ್ಕೆ ಇಳಿಯಬೇಕಾದರೆ ಸುಮಾರು 46 ವರ್ಷ ಕಾಯಬೇಕಾಗುತ್ತಿತ್ತು. ಕಂಬೀಪುರದವರು 2013ರಲ್ಲಿ ಎಂಟು ವರ್ಷದ ವಿಸ್ಕಿಯೊಂದನ್ನು ಹೊರತಂದಾಗ ಅದಕ್ಕೆ ‘ಗ್ರೀಡಿ ಏಂಜೆಲ್ಸ್’, ಎಂದರೆ ಹೊಟ್ಟೆಬಾಕ ದೇವತೆಗಳು, ಎಂದು ಹೆಸರಿಟ್ಟುದು ಬರಿಯ ವಿನೋದವಲ್ಲವೆಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ಹೋದುದು ಬರಿಯ ನಷ್ಟವೇ? ಅಲ್ಲ. ಹೊಸ ಮದ್ಯದಲ್ಲಿರುವ ಗಂಧಕದ ಕಟುವಾಸನೆಯು ಈ ಕಾಲದಲ್ಲಿ ಅಡಗುತ್ತದೆ. ಮರದಿಂದ ಇಳಿದ ಬಣ್ಣ, ಒಗರು, ಸಿಹಿ ಇವು ಆವಿಯಾಗಲಾರವು; ದ್ರವವು ಕಡಮೆಯಾದಂತೆ ಇವು ಕಾಸಿದ ಕಬ್ಬಿನ ಹಾಲಿನಂತೆ ಗಟ್ಟಿಯಾಗುತ್ತ ಬರುತ್ತವೆ. ಹವೆ ಒಣಗಿದ್ದಾಗ ನೀರು ಹೆಚ್ಚಾಗಿ ಹೋಗಿ ಮದ್ಯದ ತೀಕ್ಷ್ಣತೆ ಏರುವುದು. ತೇವ ಹೆಚ್ಚಿದಾಗ ಮದ್ಯಸಾರವು ಹೆಚ್ಚಾಗಿ ಹೋಗಿ ತೀಕ್ಷ್ಣತೆ ಇಳಿಯುವುದು. ಆದುದರಿಂದ ಉಗ್ರಾಣದವನು ಅಳತೆಗೋಲನ್ನು ಇಳಿಸಿ ಮಟ್ಟವನ್ನೂ, ಹೈಡ್ರೋಮೀಟರನ್ನು ತೇಲಿಬಿಟ್ಟು ತೀಕ್ಷ್ಣತೆಯನ್ನೂ ನೋಡುತ್ತಿರಬೇಕು. ಮಟ್ಟವು ತಕ್ಕುದಕ್ಕಿಂತ ಬೇಗ ಇಳಿದಿದ್ದರೆ ಹಲಗೆಯ ಸಂದಿನಲ್ಲಿ ಸೋರಿಕೆಯಿದೆಯೆಂದು ಸಂದೇಹಪಡಬೇಕು. ಬಣ್ಣವು ಗಾಢವಾಗಿ, ನಾಲಗೆಯನ್ನು ಹಿಡಿಯುವಷ್ಟು ಒಗರೂ ಕಹಿಯೂ ತೋರಿದರೆ ಮರವು ಮದ್ಯವನ್ನು ನುಂಗಿತೆಂದೇ ಅರ್ಥ. ಅನಂತರ ಎಷ್ಟು ಕಾದರೂ ಅದು ಸರಿಹೋಗದು. ನಮ್ಮ ಸೀಮೆಯಲ್ಲಿ ಆ ಎಲ್ಲೆಯು ಬಹು ಬೇಗ ಬರುತ್ತದೆ.

ಇದೇ ಕಂಬೀಪುರಕ್ಕೆ ಸ್ಪೇನ್ ದೇಶದಿಂದ ಷೆರಿ ತುಂಬಿ ಹದಮಾಡಿದ ಪೀಪಾಯಿಗಳೂ ಬರುತ್ತವೆ. ಷೆರಿ ಎಂಬ ದ್ರಾಕ್ಷಾಮದ್ಯವು ದಕ್ಷಿಣ ಸ್ಪೇನಿನ ಹೆರೇಸ್ ಪಟ್ಟಣದ್ದು. ಅದೂ ಬಿಸಿಲಿನ ಊರೇ. ಅಲ್ಲಿಯೂ ವರ್ಷಕ್ಕೆ ನೂರಕ್ಕೆ ಮೂರರಿಂದ ಐದರಷ್ಟು ಆವಿಯಾಗುತ್ತದೆ. ಈ ನಷ್ಟದ ನಡುವೆಯೂ ಒಂದೇ ರುಚಿಯನ್ನು ತಲೆಮಾರುಗಳವರೆಗೆ ಕಾಪಾಡುವ ಉಪಾಯವನ್ನು ಅಲ್ಲಿಯವರು ಕಂಡುಕೊಂಡರು. ಅದಕ್ಕೆ ಸೊಲೇರಾ ಎಂದು ಹೆಸರು.

ಪೀಪಾಯಿಗಳನ್ನು ಸಾಲುಸಾಲಾಗಿ, ಒಂದರ ಮೇಲೊಂದು ಅಂತಸ್ತಾಗಿ ಜೋಡಿಸುವರು. ನೆಲಕ್ಕೆ ಹತ್ತಿದ ಸಾಲೇ ಸೊಲೇರಾ. ಅದರಲ್ಲಿ ಅತ್ಯಂತ ಹಳೆಯ ಮದ್ಯವಿರುತ್ತದೆ. ಸೀಸೆಗೆ ತುಂಬುವುದಕ್ಕೆ ಇದರಿಂದ ಒಂದು ಪಾಲನ್ನು ಮಾತ್ರ, ಸಾಮಾನ್ಯವಾಗಿ ಮೂರನೆಯ ಒಂದಕ್ಕೆ ಮೀರದಂತೆ, ತೆಗೆಯುವರು. ಖಾಲಿಯಾದ ಜಾಗವನ್ನು ಮೇಲಿನ ಸಾಲಿನ ಮದ್ಯದಿಂದ, ಅದನ್ನು ಅದರ ಮೇಲಿನದರಿಂದ ತುಂಬುತ್ತ ಹೋಗಿ, ತುತ್ತತುದಿಯ ಸಾಲಿಗೆ ಹೊಸ ಮದ್ಯವನ್ನು ಹಾಕುವರು. ಯಾವ ಪೀಪಾಯಿಯೂ ಎಂದೂ ಬರಿದಾಗದು. ನಮ್ಮ ಮನೆಗಳಲ್ಲಿ ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪುಹಾಕುವಂತೆ, ಹಳೆಯದು ಹೊಸದನ್ನು ತನ್ನ ಹದಕ್ಕೆ ತಂದುಕೊಳ್ಳುತ್ತದೆ. ಈ ಉಪಮಾನವು ಫೀನೊ ಎಂಬ ತಿಳಿಯಾದ ಷೆರಿಗೆ ವಿಶೇಷವಾಗಿ ಒಪ್ಪುವುದು. ಅದರ ಮೇಲ್ಮೈಯಲ್ಲಿ ಹುದುಗಿನ ಜೀವಾಣುಗಳ ಬಿಳಿಯ ಕೆನೆಯೊಂದು ಬೆಳೆದು, ಗಾಳಿ ತಾಗದಂತೆ ಮದ್ಯವನ್ನು ಕಾಯುತ್ತಿರುತ್ತದೆ. ಹೊಸ ಮದ್ಯದಿಂದ ಆಹಾರವು ಸಿಕ್ಕದಿದ್ದರೆ ಆ ಕೆನೆಯು ಸಾಯುವುದು. ಅದರ ತೇವವನ್ನು ಕಾಪಾಡಲು ಹೆರೇಸಿನವರು ಬೇಸಗೆಯಲ್ಲಿ ಉಗ್ರಾಣದ ಮಣ್ಣುನೆಲಕ್ಕೆ ನೀರು ಚಿಮುಕಿಸುತ್ತಾರೆ.

ಸೊಲೇರಾ ಪದ್ಧತಿಯು ದೇವತೆಗಳ ಪಾಲನ್ನು ಕಡಮೆಮಾಡುತ್ತದೆಯೆ? ಇಲ್ಲವೆಂಬುದನ್ನು ಮತ್ತೊಂದು ಲೆಕ್ಕದಿಂದ ತೋರಿಸಬಹುದು. ಮೂರು ಸಾಲುಗಳಿವೆಯೆನ್ನಿ, ಒಂದೊಂದರಲ್ಲಿಯೂ ಸದಾ 100 ಲೀಟರು ತುಂಬಿರಬೇಕು, ಕೆಳಗಿನಿಂದ ವರ್ಷಕ್ಕೆ 20 ಲೀಟರು ತೆಗೆಯಬೇಕು. ಆವಿಯ ನಷ್ಟವೇ ಇಲ್ಲದಿದ್ದರೆ ಮೇಲಕ್ಕೆ ಹಾಕಬೇಕಾದ ಹೊಸ ಮದ್ಯವೂ 20 ಲೀಟರೇ. ಆಗ ಹೊರಬರುವ ಮದ್ಯದ ಸರಾಸರಿ ವಯಸ್ಸು 15 ವರ್ಷ. ಹೆರೇಸಿನಲ್ಲಿ ಪ್ರತಿ ಸಾಲಿನಿಂದ ನಾಲ್ಕು ಲೀಟರು ಆವಿಯಾದರೆ 32 ಲೀಟರು ಹಾಕಬೇಕಾಗುವುದು. ಸರಾಸರಿ ವಯಸ್ಸು ಸುಮಾರು 11ಕ್ಕೆ ಇಳಿಯುವುದು. ಅದೇ ಸಾಲುಗಳನ್ನು ರಾಮನಗರದ ಬಂಡೆಗಳ ಬಳಿಗೆ ತಂದು, ಕಂಬೀಪುರದಷ್ಟೇ ನಷ್ಟವಾಗುವುದೆಂದು ಇಟ್ಟುಕೊಂಡರೆ, ಪ್ರತಿ ಸಾಲಿಗೂ 11 ಲೀಟರು ಹೋಗಿ, 20 ಲೀಟರು ಪಡೆಯಲು 53 ಲೀಟರು ಸುರಿಯಬೇಕು. ಹಾಕಿದುದರಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯ ಪಾಲು. ಹೊಸದು ಅಷ್ಟು ವೇಗವಾಗಿ ಒಳಬರುವುದರಿಂದ ಸರಾಸರಿ ವಯಸ್ಸೂ ಏಳೂವರೆ ವರ್ಷಕ್ಕೆ ಕುಗ್ಗುತ್ತದೆ. ಒಂಟಿ ಪೀಪಾಯಿಯಲ್ಲಿ ಆವಿಯು ಮದ್ಯವನ್ನು ಗಟ್ಟಿಮಾಡಿ ಮುಪ್ಪನ್ನು ಹತ್ತಿರ ತರುತ್ತದೆ. ಸೊಲೇರಾದಲ್ಲಿ ಅದೇ ಆವಿಯು ಹೊಸದನ್ನು ಒಳಕ್ಕೆ ಸೆಳೆದು ಮದ್ಯವನ್ನು ಎಳೆಯದಾಗಿಸುತ್ತದೆ.

ಸೀಸೆಯ ಮೇಲಿನ ಹಳೆಯ ಇಸವಿಯನ್ನು ಓದುವಾಗಲೂ ಈ ಲೆಕ್ಕವು ನೆರವಾಗುವುದು. ಸೊಲೇರಾ ಷೆರಿಯ ಮೇಲೆ ನೂರು ವರ್ಷದ ಹಿಂದಿನ ಇಸವಿಯಿದ್ದರೆ ಅದು ಆ ಸಾಲುಗಳನ್ನು ಸ್ಥಾಪಿಸಿದ ವರ್ಷ. ವರ್ಷಕ್ಕೆ ಐದನೆಯ ಒಂದು ಪಾಲನ್ನು ತೆಗೆದು ತುಂಬುವ ಒಂದೇ ಪೀಪಾಯಿಯಲ್ಲಿ, ಹತ್ತು ವರ್ಷದ ಮೇಲೆ, ಮೊದಲಿನ ಮದ್ಯವು ನೂರಕ್ಕೆ ಹನ್ನೊಂದರಷ್ಟು ಮಾತ್ರ ಉಳಿದಿರುತ್ತದೆ. ಸ್ಕಾಟ್ಲೆಂಡಿನ ಕಾನೂನು ಇನ್ನೂ ಬಿಗಿ: ಎಷ್ಟು ಹಳೆಯದನ್ನು ಬೆರೆಸಿದ್ದರೂ, ಅದರಲ್ಲಿರುವ ಅತ್ಯಂತ ಎಳೆಯ ವಿಸ್ಕಿಯ ವಯಸ್ಸನ್ನೇ ಬರೆಯತಕ್ಕದ್ದು.

ಚನ್ನಪಟ್ಟಣದ ಬಳಿಯಲ್ಲಿ ದ್ರಾಕ್ಷಾಮದ್ಯವನ್ನು ತಯಾರಿಸುವ ಹೆರಿಟೇಜ್ ವೈನರಿಯಿದೆ. ದ್ರಾಕ್ಷಿಯ ಸಂಸ್ಕರಣೆಗೆಂದು ಕರ್ನಾಟಕ ಸರ್ಕಾರವು 2007ರಲ್ಲಿ ಒಂದು ನೀತಿಯನ್ನೂ ಪ್ರಕಟಿಸಿತು. ಸಾಮಾನ್ಯ ದ್ರಾಕ್ಷಾಮದ್ಯವನ್ನು ಪೀಪಾಯಿಯಲ್ಲಿಡುವವರಿಗೆ ಆವಿಯ ಚಿಂತೆ ಬೇರೊಂದು ಬಗೆಯದು. ವಿಸ್ಕಿಯ ಮೇಲೆ ಖಾಲಿ ಜಾಗವಾದರೆ ಅದು ಕೆಡದು. ತೀಕ್ಷ್ಣತೆ ಕಡಮೆಯಾದ ದ್ರಾಕ್ಷಾಮದ್ಯದ ಮೇಲೆ ಗಾಳಿ ನಿಂತರೆ ಹುಳಿಯ ಜೀವಾಣುಗಳು ಬೆಳೆದು ಅದನ್ನು ವಿನೆಗರ್ ಮಾಡಿಬಿಡುತ್ತವೆ. ಆದುದರಿಂದ ಆಗಾಗ್ಗೆ ಅದೇ ಜಾತಿಯ ಮದ್ಯವನ್ನು ಹಾಕಿ ಪೀಪಾಯಿಯನ್ನು ಬಾಯಿಮಟ್ಟಕ್ಕೆ ತುಂಬುತ್ತಿರಬೇಕು. ಮೂತಿಯ ಬಿರಡೆಯನ್ನು ತೆಗೆದಾಗ ಮೂಗಿಗೆ ಚುಚ್ಚುವ ವಾಸನೆ ಬಂದರೆ ತುಂಬುವುದು ತಡವಾಯಿತೆಂದು ತಿಳಿಯಬೇಕು. ಬೇಸಗೆಯಲ್ಲಿ ಮಟ್ಟವು ಬೇಗ ಇಳಿಯುವ ನಮ್ಮ ಸೀಮೆಯಲ್ಲಿ ಇಂಥ ತಡವು ಸುಲಭವಾಗಿ ಆಗಬಲ್ಲುದು.

ಹೀಗೆ ಈಚಲ ಹೆಂಡಕ್ಕೆ ಒಂದು ದಿನದ ಆಯುಸ್ಸು, ಕಂಬೀಪುರದ ಪೀಪಾಯಿಗೆ ಕೆಲವೇ ವರ್ಷಗಳ ಆಯುಸ್ಸು, ಹೆರೇಸಿನ ಸಾಲುಗಳಿಗೆ ಶತಮಾನಗಳ ಆಯುಸ್ಸು. ಸೀಸೆಯ ಮೇಲೆ ಬರೆದ ಅಂಕಿಯು ಎಷ್ಟು ವರ್ಷ ಕಳೆಯಿತೆಂಬುದನ್ನಷ್ಟೆ ಹೇಳಬಲ್ಲುದು. ಆ ವರ್ಷಗಳು ಯಾವ ಹವೆಯಲ್ಲಿ ಕಳೆದುವು, ಆ ಕಾಲದಲ್ಲಿ ಎಷ್ಟು ಪಾಲು ಗಾಳಿಗೆ ಸಂದಿತು, ಸಂದುದರ ಜಾಗದಲ್ಲಿ ಹೊಸದನ್ನು ತುಂಬಿದರೋ ಇಲ್ಲವೋ, ಇವನ್ನು ಕೇಳಿ ತಿಳಿದ ಮೇಲೆಯೇ ಆ ಅಂಕಿಯ ಬೆಲೆಯನ್ನು ನಿರ್ಣಯಿಸುವುದು ನ್ಯಾಯವೆಂದು ನಮಗೆ ತೋರುತ್ತದೆ.