ಫುಟ್‌ಬಾಲ್ ಆಟಗಾರರ ಹ್ಯಾಮ್‌ಸ್ಟ್ರಿಂಗ್ ಗಾಯ

ಹ್ಯಾಮ್‌ಸ್ಟ್ರಿಂಗ್ ಗಾಯ ಎಂದರೆ ತೊಡೆಯ ಹಿಂಭಾಗದ ಸ್ನಾಯುಗಳ ಎಳೆಗಳು ಅತಿಯಾದ ಎಳೆತಕ್ಕೆ ಸಿಲುಕಿ ಭಾಗಶಃ ಅಥವಾ ಪೂರ್ಣವಾಗಿ ಹರಿಯುವುದು. ಯುರೋಪಿನ ವೃತ್ತಿಪರ ಕ್ಲಬ್‌ಗಳ ಗಾಯಗಳನ್ನು 2001–02ರಿಂದ 2021–22ರವರೆಗೆ ದಾಖಲಿಸಿದ ಯುಇಎಫ್‌ಎ ಅಧ್ಯಯನದಲ್ಲಿ, ಒಟ್ಟು ಗಾಯಗಳ ಪೈಕಿ ಇದರ ಪಾಲು ಶೇ. 12ರಿಂದ 24ಕ್ಕೆ ಏರಿತು. ಇವುಗಳಲ್ಲಿ ಸುಮಾರು ಐದರಲ್ಲೊಂದು ಮರುಕಳಿಸಿದ ಗಾಯ. ಮರುಕಳಿಸಿದವುಗಳಲ್ಲಿ ಮೂರನೆಯ ಎರಡು ಭಾಗಕ್ಕೂ ಹೆಚ್ಚು, ಆಟಗಾರನು ಮೈದಾನಕ್ಕೆ ಮರಳಿದ ಎರಡು ತಿಂಗಳೊಳಗೆ ಸಂಭವಿಸಿದವು.

ಕಾರಣ

ವೇಗದ ಓಟದಲ್ಲಿ ಸಾಮಾನ್ಯವಾಗಿ ಗಾಯಗೊಳ್ಳುವುದು ಬೈಸೆಪ್ಸ್ ಫೆಮೊರಿಸ್ ಸ್ನಾಯುವಿನ ಉದ್ದನೆಯ ಕವಲು. ಕಾಲು ಮುಂದಕ್ಕೆ ಬೀಸಿ ಪಾದವು ನೆಲ ಮುಟ್ಟುವ ಮುನ್ನಿನ ಕ್ಷಣದಲ್ಲಿ ಈ ಸ್ನಾಯು ಹಿಗ್ಗುತ್ತಲೇ ಬಿಗಿದುಕೊಂಡು ಕಾಲಿನ ಚಲನೆಯನ್ನು ತಡೆಯಬೇಕಾಗುತ್ತದೆ. ಗರಿಷ್ಠ ವೇಗದ ಶೇ. 80ನ್ನು ದಾಟಿದ ಮೇಲೆ ಈ ಹೊರೆ ಕಡಿದಾಗಿ ಏರುತ್ತದೆ. ಆದ್ದರಿಂದ ನೋವಿಲ್ಲದೆ ಮೆಲ್ಲೋಟ ಓಡಬಲ್ಲವನು ಶೀಘ್ರ ಓಟಕ್ಕೆ ಸಿದ್ಧನಾಗಿದ್ದಾನೆ ಎಂದು ಹೇಳಲಾಗದು.

1999ರ ಏಪ್ರಿಲ್‌ನಲ್ಲಿ ಲೀಡ್ಸ್ ವಿರುದ್ಧದ ಪಂದ್ಯದಲ್ಲಿ ಲಿವರ್‌ಪೂಲ್‌ನ ಮೈಕೆಲ್ ಓವನ್ ಅವರಿಗೆ ಓಡುವಾಗ ಇಂತಹ ತೀವ್ರ ಗಾಯವಾಯಿತು. ಆಗ ಅವರ ವಯಸ್ಸು 19. ಮುಂದಿನ ವರ್ಷಗಳಲ್ಲಿಯೂ ಹ್ಯಾಮ್‌ಸ್ಟ್ರಿಂಗ್ ತೊಂದರೆ ಅವರನ್ನು ಬಿಡಲಿಲ್ಲ.

ಹಂತಹಂತವಾಗಿ ಓಟಕ್ಕೆ ಮರಳುವುದು

ಮರಳುವಿಕೆಯನ್ನು ದಿನಗಳ ಲೆಕ್ಕಕ್ಕಿಂತ ಪ್ರತಿ ಹಂತವನ್ನು ದಾಟುವ ಅರ್ಹತೆಯಿಂದ ಅಳೆಯುವುದು ಸೂಕ್ತ. ಗರಿಷ್ಠ ವೇಗ ಗಂಟೆಗೆ 32 ಕಿ.ಮೀ. ಇರುವ, ಮಧ್ಯಮ ಪ್ರಮಾಣದ ಗಾಯವಾದ ವಿಂಗರ್ ಒಬ್ಬನನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೊದಲ ಕೆಲವು ದಿನ ಅವನು ನೋವಿನ ಮಿತಿಯೊಳಗೆ ನಡೆಯುತ್ತಾನೆ ಮತ್ತು ಕಾಲನ್ನು ಅಲುಗಿಸದೆ ಸ್ನಾಯುವನ್ನು ಬಿಗಿಹಿಡಿಯುವ ಲಘು ವ್ಯಾಯಾಮ ಮಾಡುತ್ತಾನೆ. ಕುಂಟದೆ ನಡೆಯುವಂತಾದ ಬಳಿಕ ಮೆಲ್ಲೋಟ ಆರಂಭವಾಗುತ್ತದೆ.

ನಂತರದ ಓಟಗಳಲ್ಲಿ ಸುಮಾರು 30 ಮೀಟರ್ ದೂರದಲ್ಲಿ ನಿಧಾನವಾಗಿ ವೇಗ ಹೆಚ್ಚಿಸಿ, 20 ಮೀಟರ್ ಅದೇ ವೇಗದಲ್ಲಿ ಓಡಿ, ಮತ್ತೆ 30 ಮೀಟರ್‌ನಲ್ಲಿ ವೇಗ ಇಳಿಸುತ್ತಾನೆ. ಮೊದಲ ಗುರಿ ಶೇ. 60, ಅಂದರೆ ಗಂಟೆಗೆ ಸುಮಾರು 19 ಕಿ.ಮೀ.; ಬಳಿಕ ಶೇ. 80, ಸುಮಾರು 26 ಕಿ.ಮೀ. ಇಲ್ಲಿಂದಾಚೆ ಏರಿಕೆ ಚಿಕ್ಕದಾಗಿರಬೇಕು: 27, 29, 30 ಕಿ.ಮೀ. ಹೀಗೆ. ಎರಡು ವೇಗದ ಅಭ್ಯಾಸಗಳ ನಡುವೆ ಕನಿಷ್ಠ 48 ಗಂಟೆಗಳ ಬಿಡುವು ಇದ್ದರೆ ಮರುದಿನದ ಪ್ರತಿಕ್ರಿಯೆ ತಿಳಿಯುತ್ತದೆ. ಮರುದಿನ ಬೆಳಿಗ್ಗೆ ಗಾಯದ ಜಾಗ ಒತ್ತಿದಾಗ ನೋವು ಅಥವಾ ಬಿಗಿತ ಹೆಚ್ಚಿದ್ದರೆ ಹಿಂದಿನ ಹಂತಕ್ಕೆ ಇಳಿಯಬೇಕು. ಕೊನೆಯಲ್ಲಿ ವೇಗ ಹೆಚ್ಚಿಸುವ ಮತ್ತು ಇಳಿಸುವ ದೂರವನ್ನು ಕಡಿಮೆ ಮಾಡಿ, ತಿರುವು ಮತ್ತು ಚೆಂಡನ್ನು ಸೇರಿಸಲಾಗುತ್ತದೆ.

ಮೈದಾನಕ್ಕೆ ಮರಳುವ ನಿರ್ಧಾರ

ಸ್ಪರ್ಶಿಸಿದಾಗ ನೋವಿಲ್ಲದಿರುವುದು, ಎರಡೂ ಕಾಲುಗಳ ಚಾಚುವಿಕೆ ಸಮವಾಗಿರುವುದು, ಬಲದ ಅಂತರ ಶೇ. 10ಕ್ಕಿಂತ ಕಡಿಮೆಯಿರುವುದು ಮತ್ತು ಹಿಂಜರಿಕೆಯಿಲ್ಲದೆ ಪೂರ್ಣ ವೇಗದಲ್ಲಿ ಹಲವು ಬಾರಿ ಓಡುವುದು ಸಾಮಾನ್ಯ ಮಾನದಂಡಗಳು. ಆಸ್ಕ್ಲಿಂಗ್ ಎಚ್-ಪರೀಕ್ಷೆಯಲ್ಲಿ ಆಟಗಾರನು ಅಂಗಾತ ಮಲಗಿ, ಮಂಡಿ ಬಾಗದಂತೆ ಕಾಲನ್ನು ಸಾಧ್ಯವಾದಷ್ಟು ವೇಗವಾಗಿ ಮೇಲಕ್ಕೆ ಎತ್ತುತ್ತಾನೆ. ಅಳುಕು ಕಂಡರೆ ಅಭ್ಯಾಸ ಮುಂದುವರಿಯುತ್ತದೆ. ಚೇತರಿಸಿಕೊಂಡವರಲ್ಲಿಯೂ ಎಂಆರ್‌ಐ ಚಿತ್ರ ಅಸಹಜವಾಗಿಯೇ ಉಳಿಯುವುದುಂಟು. ಆದ್ದರಿಂದ ಚಿತ್ರವೊಂದನ್ನೇ ಆಧರಿಸಿ ತೀರ್ಮಾನಿಸುವುದಿಲ್ಲ. ಆದರೆ ಆರಂಭದ ಚಿತ್ರದಲ್ಲಿ ಸ್ನಾಯುವಿನೊಳಗಿನ ರಜ್ಜುವೂ ಹರಿದಿರುವುದು ಕಂಡರೆ ಚೇತರಿಕೆಗೆ ಹೆಚ್ಚಿನ ಕಾಲ ಬೇಕಾಗಬಹುದು.

ಮರುಗಾಯದ ತಡೆ

ಗಾಯದ ನಂತರ ಸ್ನಾಯು ಹಿಗ್ಗುವಾಗ ತೋರುವ ಬಲ ಕುಂದಿರುತ್ತದೆ. ಇದನ್ನು ಮರಳಿ ಪಡೆಯಲು ನಾರ್ಡಿಕ್ ವ್ಯಾಯಾಮ ಬಳಕೆಯಲ್ಲಿದೆ. ಆಟಗಾರನು ಮೊಣಕಾಲೂರಿ ನಿಂತಾಗ ಜೊತೆಗಾರನು ಅವನ ಕಣಕಾಲುಗಳನ್ನು ಹಿಡಿಯುತ್ತಾನೆ. ಆಟಗಾರನು ದೇಹವನ್ನು ನೇರವಾಗಿಟ್ಟು ಸಾಧ್ಯವಾದಷ್ಟು ನಿಧಾನವಾಗಿ ಮುಂದಕ್ಕೆ ಬಾಗುತ್ತಾನೆ. ಡೆನ್ಮಾರ್ಕ್‌ನ 942 ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ವಾರ ಐದೈದರ ಎರಡು ಸರದಿಗಳಿಂದ ಆರಂಭಿಸಿ ಹತ್ತು ವಾರಗಳ ಕಾಲ ಇದನ್ನು ಹೆಚ್ಚಿಸಿ, ಬಳಿಕ ವಾರಕ್ಕೊಮ್ಮೆ ಮುಂದುವರಿಸಲಾಯಿತು. ಆ ಗುಂಪಿನಲ್ಲಿ 100 ಆಟಗಾರರ ಪ್ರತಿ ಋತುವಿಗೆ ಮರುಕಳಿಸಿದ ಗಾಯಗಳು 7.1, ವ್ಯಾಯಾಮ ಮಾಡದ ಗುಂಪಿನಲ್ಲಿ 45.8.

ಈ ವ್ಯಾಯಾಮ ಓಟಕ್ಕೆ ಬದಲಿಯಲ್ಲ, ಏಕೆಂದರೆ ಶೀಘ್ರ ಓಟದ ಹೊರೆಯನ್ನು ಓಟವೇ ಅಭ್ಯಾಸ ಮಾಡಿಸುತ್ತದೆ. ಮರಳಿದ ವಿಂಗರ್ ವಾರಕ್ಕೆ ಒಂದೆರಡು ಬಾರಿ ಗರಿಷ್ಠ ವೇಗದ ಸಮೀಪ ಕೆಲವೇ ಓಟಗಳನ್ನು ಓಡುತ್ತಾನೆ. ಹಾಗಿಲ್ಲದಿದ್ದರೆ ಪಂದ್ಯದಲ್ಲಿ ಚೆಂಡಿನ ಹಿಂದೆ ಓಡುವ ಮೊದಲ ಪೂರ್ಣ ವೇಗದ ಓಟವೇ ಅವನ ಸ್ನಾಯುವಿಗೆ ಮೊದಲ ಪರೀಕ್ಷೆಯಾಗುತ್ತದೆ.