ಹೂರಣದ ನಡುವೆ ನಿಂತ ಹ್ಯಾಂಡ್ ಬ್ಲೆಂಡರ್: ದೋಷ ಮೋಟಾರಿನದೋ, ಕಪ್ಲಿಂಗಿನದೋ?

ಖಾನಾಪುರ ತಾಲ್ಲೂಕಿನ ಗುಂಜಿಯಂಥ ಊರುಗಳಿಂದ ಬೆಳಗಾವಿ ನಗರದವರೆಗೆ ಹೋಳಿ ಹುಣ್ಣಿಮೆಯೆಂದರೆ ಹೋಳಿಗೆ. ಹಿಂದೆ ಒರಳಿನಲ್ಲಿ ಅರೆಯುತ್ತಿದ್ದ ಹೂರಣವನ್ನು ಈಗ ಹ್ಯಾಂಡ್ ಬ್ಲೆಂಡರಿಗೆ ಒಪ್ಪಿಸುವವರೂ ಇದ್ದಾರೆ. ಯಂತ್ರವು ಅರ್ಧದಲ್ಲೇ ಕೈಕೊಡುವ ಸಂದರ್ಭಗಳಲ್ಲಿ ಇದೂ ಒಂದು.

ಬೆಂದ ಕಡಲೆಬೇಳೆಗೆ ಬೆಲ್ಲ ಬೆರೆಸಿ, ಆರಿ ಗಟ್ಟಿಯಾದ ಮುದ್ದೆಯಲ್ಲಿ ಬ್ಲೆಂಡರನ್ನು ಎಡೆಬಿಡದೆ ಮೂರು ನಿಮಿಷ ಓಡಿಸಲಾಯಿತೆಂದು ಭಾವಿಸೋಣ. ಅಲಗಿನ ವೇಗ ಕುಗ್ಗುತ್ತದೆ, ಹಿಡಿ ಬಿಸಿಯಾಗುತ್ತದೆ, ನಂತರ ಸದ್ದೇ ಅಡಗುತ್ತದೆ. ಮೋಟಾರು ನಿಧಾನವಾದಷ್ಟೂ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಅದಕ್ಕೆ ತಂಪು ನೀಡುವ ಒಳಗಿನ ಫ್ಯಾನ್ ಕೂಡ ಅಷ್ಟೇ ನಿಧಾನವಾಗುತ್ತದೆ. ಶಾಖ ಮಿತಿಮೀರಿದಾಗ ರಕ್ಷಣಾ ಸ್ವಿಚ್ ಇರುವ ಮಾದರಿಗಳಲ್ಲಿ ಅದು ವಿದ್ಯುತ್ತನ್ನು ಕಡಿದುಹಾಕುತ್ತದೆ.

ಸದ್ದೇ ಸುಳಿವು

ಮೊದಲು ಪ್ಲಗ್ ಕಿತ್ತು ಅರ್ಧ ಗಂಟೆ ಬಿಡಬೇಕು. ಬಳಿಕ ದಂಡವನ್ನು ಕಳಚಿ, ಮೋಟಾರಿನ ಭಾಗವನ್ನಷ್ಟೇ ಎರಡು ಕ್ಷಣ ಓಡಿಸಿ ನೋಡಬಹುದು. ಮೋಟಾರು ಸರಾಗವಾಗಿ ತಿರುಗಿದರೆ, ನಿಂತದ್ದು ಶಾಖದಿಂದ ಎನ್ನಬಹುದು. ಪೂರ್ತಿ ತಣ್ಣಗಾದ ಮೇಲೂ ಮೌನವಾಗಿದ್ದು, ಅದೇ ಸಾಕೆಟ್ಟಿನಲ್ಲಿ ಬೇರೆ ಉಪಕರಣ ನಡೆಯುತ್ತಿದ್ದರೆ, ಒಮ್ಮೆ ಮಾತ್ರ ಕೆಲಸ ಮಾಡುವ ಶಾಖದ ಫ್ಯೂಸ್ ಸುಟ್ಟಿರಬಹುದು ಅಥವಾ ಕಾರ್ಬನ್ ಬ್ರಷ್ ಸವೆದಿರಬಹುದು. ಸುಟ್ಟ ವಾಸನೆಯೂ ಇದ್ದರೆ ಸುರುಳಿಗೇ ಏಟು ಬಿದ್ದಿರುವ ಸಂಭವವುಂಟು. ಇವೆಲ್ಲ ರಿಪೇರಿಯವರ ಕೆಲಸ.

ಮೋಟಾರು ಜೋರಾಗಿ ಓಡುತ್ತಿದ್ದೂ ಅಲಗು ತಿರುಗದಿದ್ದರೆ ಕಥೆ ಬೇರೆ. ಮೋಟಾರು ಮತ್ತು ದಂಡ ಸೇರುವಲ್ಲಿರುವ ಹಲ್ಲಿನ ಕಪ್ಲಿಂಗ್ ಹಲವು ಮಾದರಿಗಳಲ್ಲಿ ಪ್ಲಾಸ್ಟಿಕ್ಕಿನದು. ಭಾರ ಹೆಚ್ಚಾದಾಗ ಮೊದಲು ಸವೆಯುವುದು ಅದೇ. ಹಲ್ಲುಗಳ ಅಂಚು ದುಂಡಗಾಗಿದ್ದರೆ, ಸುತ್ತ ಸಣ್ಣ ಪುಡಿ ಉದುರಿದ್ದರೆ ಅದನ್ನು ಬದಲಿಸಬೇಕು. ಅಂಟು ಹಾಕಿದರೆ ನಿಲ್ಲದು.

ಪ್ಲಗ್ ಕಿತ್ತಿರುವಾಗ ಅಲಗನ್ನು ಮರದ ಚಮಚದ ತುದಿಯಿಂದ ತಿರುಗಿಸಿ ನೋಡುವುದೂ ಅಗತ್ಯ. ಬಿಗಿಯಾಗಿದ್ದರೆ ಬೆಲ್ಲದ ಪಾಕವು ಸೀಲು ದಾಟಿ ಬುಷ್‌ನಲ್ಲಿ ಗಟ್ಟಿಯಾಗಿರಬಹುದು. ಅಲಗಿರುವ ತುದಿಯನ್ನಷ್ಟೇ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟರೆ ಪಾಕ ಕರಗುತ್ತದೆ. ಬೆರಳಿನಿಂದ ಈ ಪರೀಕ್ಷೆ ಕೂಡದು.

ವಿಶ್ರಾಂತಿಯ ಮಿತಿ

ಹಿಡಿಯ ಮೇಲಿನ ಚೀಟಿಯಲ್ಲಿ KB 1 min ಎಂದಿದ್ದರೆ, ಒಂದೇ ಉಸಿರಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಓಡಿಸಬಾರದೆಂದು ಅರ್ಥ. ಮುಂದಿನ ಸುತ್ತಿಗೆ ಮುನ್ನ ಎಷ್ಟು ಬಿಡುವೆಂಬುದು ಕೈಪಿಡಿಯಲ್ಲಿರುತ್ತದೆ. ಗಟ್ಟಿ ಹೂರಣಕ್ಕೆ ಆ ಒಂದು ನಿಮಿಷವೂ ದೀರ್ಘವೇ. ಬೆಲ್ಲ ಹಾಕುವ ಮೊದಲು, ಬೇಳೆ ಬೆಚ್ಚಗೆ ಮೆತ್ತಗಿರುವಾಗಲೇ, ಹತ್ತು ಹದಿನೈದು ಸೆಕೆಂಡುಗಳ ಸುತ್ತುಗಳಲ್ಲಿ ಅರೆಯುವುದು ಲೇಸು. ಬೆಲ್ಲ ಸೇರಿದ ಮುದ್ದೆಗೆ ಒರಳೋ ಹೂರಣದ ಜಾಳಿಗೆಯೋ ತಕ್ಕದ್ದು.

ಕೆಲಸ ಮುಗಿದೊಡನೆ ಎತ್ತರದ ಪಾತ್ರೆಯಲ್ಲಿ ಬೆಚ್ಚಗಿನ ನೀರಿಗೆ ಒಂದು ಹನಿ ಸೋಪು ಬಿಟ್ಟು ಹತ್ತು ಸೆಕೆಂಡು ಓಡಿಸಿದರೆ ಅಲಗು ಶುಚಿಯಾಗುತ್ತದೆ. ದಂಡದ ಕಪ್ಲಿಂಗ್ ತುದಿಯನ್ನು ಮುಳುಗಿಸಬಾರದು. ಒಳಗೆ ನೀರು ಹೋಗಿದ್ದರೆ ಆ ತುದಿ ಕೆಳಗಾಗುವಂತೆ ನಿಲ್ಲಿಸಿ ಬಸಿಯಬೇಕು. ಗುಂಜಿಯ ಮಳೆಗಾಲದಲ್ಲಿ ಒಣಗಲು ಒಂದು ರಾತ್ರಿ ಸಾಲದೆ ಹೋದೀತು. ಮೋಟಾರಿನ ಭಾಗಕ್ಕೆ ಹಿಂಡಿದ ಬಟ್ಟೆಯೇ ಸಾಕು.