ಚೇತಕ್‌ನ ಕ್ಯೂ, ಮಾವನ ಅಂಗಡಿ ಮತ್ತು ಕೊನೆಯ ಒಂದು ಪರ್ಸೆಂಟು

ಹೋದ ವಾರದ ಮಾತಿನ ಬರಹರೂಪ ಇದು. ವಿಡಿಯೊದಲ್ಲಿ ಅವಸರದಲ್ಲಿ ದಾಟಿಸಿಬಿಟ್ಟ ಲೆಕ್ಕವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ನಮ್ಮಲ್ಲಿ ಎಷ್ಟೋ ಜನ ಹಳೇ ಮುಂಬೈ-ಪುಣೆ ರಸ್ತೆಯಲ್ಲಿ ಆಕುರ್ಡಿ ದಾಟಿಕೊಂಡೇ ಓಡಾಡ್ತೀವಿ. ಅಲ್ಲಿನ ಬಜಾಜ್ ಕಂಪನಿಯ ಚೇತಕ್ ಸ್ಕೂಟರ್ ಬಂದದ್ದು 1972ರಲ್ಲಿ. ಆಗ ಎಷ್ಟು ಸ್ಕೂಟರ್ ತಯಾರಿಸಬೇಕು ಅನ್ನೋದನ್ನು ಕಾರ್ಖಾನೆ ತಾನೇ ತೀರ್ಮಾನಿಸುವ ಹಾಗಿರಲಿಲ್ಲ, ದಿಲ್ಲಿಯ ಲೈಸೆನ್ಸ್ ಬೇಕಿತ್ತು. ದುಡ್ಡು ಕಟ್ಟಿ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಶೋರೂಮಿನಲ್ಲಿ ಗಾಡಿಗಳ ಸ್ಟಾಕ್ ಇರಲಿಲ್ಲ. ಸ್ಟಾಕ್ ಇದ್ದದ್ದು ಗಿರಾಕಿಗಳದ್ದು. ಬಂದ ದಿನವೇ ಗಾಡಿ ಸಿಗುವ ಸಂಭವ ಹೆಚ್ಚುಕಡಿಮೆ ಸೊನ್ನೆ, ಹಾಗಾಗಿ ಮಾರಾಟವಾಗದೆ ಉಳಿಯುವ ಗಾಡಿಯ ಮೇಲೆ ಹೂಡಿಕೆಯೂ ಸೊನ್ನೆ. ನಾನಿವತ್ತು ಹೇಳಹೊರಟಿರುವ ಗೆರೆಯ ಒಂದು ತುದಿ ಇದು.

ಇನ್ನೊಂದು ತುದಿ ನೋಡಿದ್ದು ಹುಬ್ಬಳ್ಳಿಯಲ್ಲಿ, ನಮ್ಮ ಮಾವನ ಸ್ಕೂಟರ್ ಬಿಡಿಭಾಗಗಳ ಅಂಗಡಿಯಲ್ಲಿ. ಸ್ಕೂಟರಿಗೆ ವರ್ಷಗಟ್ಟಲೆ ಕಾದ ಮನುಷ್ಯ ಅದರ ಕ್ಲಚ್ ಕೇಬಲ್ಲಿಗೆ ಅರ್ಧ ಗಂಟೆಯೂ ಕಾಯಲ್ಲ, ಪಕ್ಕದ ಅಂಗಡಿಗೆ ಹೋಗ್ತಾನೆ. ರಜೆಗೆ ಹೋದಾಗ ಒಬ್ಬ ಗಿರಾಕಿ ಬರಿಗೈಲಿ ಹೋದದ್ದು ನೋಡಿ, 'ಇನ್ನಷ್ಟು ತರಿಸಿಡಬಾರದಾ ಮಾವಾ' ಅಂದಿದ್ದೆ. 'ಎಲ್ಲಾರಿಗೂ ಹೂಂ ಅನ್ನಾಕ ಹೋದ್ರ ಅಂಗಡಿನ ಮಾರಬೇಕಾಗ್ತದಪಾ' ಅಂದರು. ಬ್ಯಾಂಕಿನ ಓಡಿ ಮೇಲೆ ನಡೆಯುತ್ತಿದ್ದ ಅಂಗಡಿ. ಅದು ಲೆಕ್ಕದ ಮಾತು ಅಂತ ನನಗೆ ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ.

ಈ ಲೆಕ್ಕ ಹುಟ್ಟಿದ್ದು ಅಂಗಡಿಯಲ್ಲಲ್ಲ, ಬ್ಯಾಂಕಿನ ವಿಚಾರದಲ್ಲಿ. 1888ರಲ್ಲಿ ಎಡ್ಜ್‌ವರ್ತ್ ಎಂಬ ಅರ್ಥಶಾಸ್ತ್ರಜ್ಞ ಒಂದು ಪ್ರಶ್ನೆ ಎತ್ತಿದ: ಠೇವಣಿದಾರರು ಯಾವತ್ತು ಎಷ್ಟು ಕೇಳ್ತಾರೋ ಗೊತ್ತಿಲ್ಲದಿರುವಾಗ, ಬ್ಯಾಂಕು ಎಷ್ಟು ನಗದು ಕೈಯಲ್ಲಿ ಇಟ್ಟುಕೊಳ್ಳಬೇಕು? ನಮಗೆಲ್ಲ ಗೊತ್ತಿರುವ ಗಂಟೆಯಾಕಾರದ ನಾರ್ಮಲ್ ಕರ್ವ್ ಅನ್ನೇ ಆತ ಅದಕ್ಕೆ ಬಳಸಿದ. 1934ರಲ್ಲಿ ವಿಲ್ಸನ್ ಎಂಬಾತ ಗೋದಾಮಿನ ಪ್ರಶ್ನೆಯನ್ನು ಎರಡಾಗಿ ಬಿಡಿಸಿದ: ಒಮ್ಮೆಗೆ ಎಷ್ಟು ತರಿಸಬೇಕು, ಮತ್ತು ಸ್ಟಾಕ್ ಎಷ್ಟಕ್ಕೆ ಇಳಿದಾಗ ತರಿಸಬೇಕು. ನಮ್ಮ ಗೆರೆ ಇರುವುದು ಈ ಎರಡನೇ ಪ್ರಶ್ನೆಯಲ್ಲಿ.

ಒಂದು ಉದಾಹರಣೆ ಹಿಡಿಯೋಣ. ಅಂಕಿಗಳು ನಾನು ಕಟ್ಟಿಕೊಂಡವು. ಒಂದು ಕ್ಲಚ್ ಪ್ಲೇಟ್ ಸೆಟ್, ಕೊಂಡ ಬೆಲೆ ₹400. ತಿಂಗಳಿಗೆ ಸರಾಸರಿ 400 ಸೆಟ್ ಹೋಗುತ್ತೆ. ಪ್ರತಿ ಸಲ 400 ಸೆಟ್ ಆರ್ಡರ್ ಮಾಡ್ತೀವಿ, ಮಾಲು ಬರಲು ಒಂದು ತಿಂಗಳು ಬೇಕು. ಆ ತಿಂಗಳಿನ ಬೇಡಿಕೆಯ ಸ್ಟ್ಯಾಂಡರ್ಡ್ ಡೀವಿಯೇಶನ್ 100. ಸರಾಸರಿಯ ಮೇಲೆ ಭದ್ರತೆಗೆ ಇಡುವ ಹೆಚ್ಚುವರಿ ಮಾಲೇ ಸೇಫ್ಟಿ ಸ್ಟಾಕ್. ಎಕ್ಸೆಲ್‌ನಲ್ಲಿ ಒಂದೇ ಸಾಲು:

```
=NORM.S.INV(0.95)*100
```

ಉತ್ತರ ಸುಮಾರು 165. ಅಂದರೆ 165 ಸೆಟ್ ಹೆಚ್ಚುವರಿ ಇಟ್ಟರೆ, ನೂರು ಸಲ ಮಾಲು ತರಿಸಿದಾಗ 95 ಸಲ ಹೊಸ ಮಾಲು ಬರುವ ತನಕ ಕೊರತೆಯಾಗಲ್ಲ. 0.95 ಇದ್ದಲ್ಲಿ ಬೇರೆ ಬೇರೆ ಅಂಕಿ ಹಾಕಿ ನೋಡಿ. 90ಕ್ಕೆ 128 ಸೆಟ್. 98ಕ್ಕೆ 205. 99ಕ್ಕೆ 233. 99.9ಕ್ಕೆ 309. ತೊಂಬತ್ತರಿಂದ ತೊಂಬತ್ತೈದಕ್ಕೆ ಹತ್ತುವಾಗ ಒಂದೊಂದು ಪರ್ಸೆಂಟಿಗೆ ಏಳೆಂಟು ಸೆಟ್ ಸಾಕಿತ್ತು. 98ರಿಂದ 99ಕ್ಕೆ ಒಂದೇ ಮೆಟ್ಟಿಲಿಗೆ 28 ಬೇಕು. ಅಲ್ಲಿಂದ 99.9ಕ್ಕೆ ಇನ್ನೂ 76, ಪೂರ್ತಿ ಒಂದು ಪರ್ಸೆಂಟು ಕೂಡ ಅಲ್ಲ ಅದು. ನೂರು ಬೇಕಂದರೆ ಎಕ್ಸೆಲ್ ಎರರ್ ಕೊಡುತ್ತೆ, ಸರಿಯಾಗೇ ಕೊಡುತ್ತೆ.

ಯಾಕೆ ಹೀಗೆ? 128ನೇ ಸೆಟ್ಟನ್ನು ಯೋಚನೆ ಮಾಡಿ. ಬೇಡಿಕೆ ಅಷ್ಟೆತ್ತರ ಏರುವುದು ಹತ್ತು ಸಲಕ್ಕೆ ಒಮ್ಮೆ. ಅದಕ್ಕೆ ಕೆಲಸ ಇರುವುದೂ ಅಷ್ಟೇ ಸಲ. 233ನೇ ಸೆಟ್ಟಿಗೆ ನೂರಕ್ಕೆ ಒಮ್ಮೆ ಕೆಲಸ. ತಿಂಗಳಿಗೊಂದು ಆರ್ಡರ್ ಅಂದರೆ ಎಂಟು ವರ್ಷಕ್ಕೊಮ್ಮೆ! ಅದೇ ಡಬ್ಬ ಎಂಟು ವರ್ಷ ಅಲ್ಲೇ ಕೂತಿರುತ್ತೆ ಅಂತಲ್ಲ, ಹಳೆಯದು ಹೋಗಿ ಹೊಸದು ಆ ಜಾಗಕ್ಕೆ ಬರುತ್ತೆ. ಆದರೆ ಆ ₹400 ಮಾತ್ರ ಕೂತೇ ಇರುತ್ತೆ, ಓಡಿ ಬಡ್ಡಿ ಕಟ್ಟಿಸಿಕೊಳ್ಳುತ್ತಾ.

ಈಗ ನನ್ನ ತಪ್ಪಿಗೆ ಬರ್ತೀನಿ. ಹಿಂಜವಡಿಯಲ್ಲಿ ಕೂತು ಚಾಕಣ್ ಕಡೆಯ ಒಬ್ಬ ಬಿಡಿಭಾಗ ವಿತರಕರಿಗೆ ಸ್ಟಾಕ್ ಪ್ಲಾನಿಂಗ್ ಕೋಡ್ ಬರೆದೆ. ಅವರ ಕಾಗದದಲ್ಲಿ 'ಸರ್ವಿಸ್ ಲೆವೆಲ್ 95' ಅಂತ ಇತ್ತು. ನಾನು ಮೇಲಿನ ಸಾಲನ್ನೇ ಹಾಕಿದೆ. ಕೆಲವೇ ತಿಂಗಳಲ್ಲಿ ಗೋದಾಮು ತುಂಬಿತು, ಕೈಯಲ್ಲಿ ನಗದು ಇಲ್ಲ. ಅಲ್ಲಿನ ಸ್ಟೋರ್ಸ್ ಮ್ಯಾನೇಜರು ಫೋನ್ ಮಾಡಿ, 'ನೂರು ಪೀಸ್ ಕೇಳಿದ್ರೆ 95 ಕೊಡಬೇಕು ಅಂದಿದ್ವಿ, ಇಷ್ಟೊಂದು ಯಾಕ್ರೀ?' ಅಂದರು.

ಅಲ್ಲಿತ್ತು ಎಡವಟ್ಟು. ನಾನು ಲೆಕ್ಕ ಹಾಕಿದ್ದು ಎಷ್ಟು ಸಲ ಕೊರತೆಯೇ ಆಗಬಾರದು ಅಂತ. ಅವರು ಕೇಳಿದ್ದು ಕೇಳಿದ ಪೀಸ್‌ಗಳಲ್ಲಿ ಎಷ್ಟು ಕೊಟ್ಟೆವು ಅಂತ, ಅಂದರೆ ಫಿಲ್ ರೇಟ್. ನಮ್ಮ ಉದಾಹರಣೆಯಲ್ಲಿ ಸೇಫ್ಟಿ ಸ್ಟಾಕ್ ಸೊನ್ನೆ ಇಟ್ಟರೆ ಎರಡು ಸಲಕ್ಕೊಮ್ಮೆ ಕೊರತೆಯಾಗುತ್ತೆ, ನಿಜ. ಆದರೆ ಸರಾಸರಿ ತೆಗೆದರೆ ಒಂದು ಸಲಕ್ಕೆ ಕಡಿಮೆ ಬೀಳುವುದು 40 ಸೆಟ್ ಮಾತ್ರ, 400ರಲ್ಲಿ 40. ಏನೂ ಇಡದೇ ಫಿಲ್ ರೇಟ್ 90! ಅದನ್ನು 95 ಮಾಡಲು ಸುಮಾರು 50 ಸೆಟ್ ಸಾಕು, ₹20,000. ನನ್ನ ಕೋಡ್ ಇಡಿಸುತ್ತಿದ್ದದ್ದು 165, ಅಂದರೆ ₹66,000. ಇದು ಒಂದು ಐಟಮಿನದು. ಅಲ್ಲಿ ಸಾವಿರಾರು ಐಟಮ್ ಇದ್ದವು. ಫಿಲ್ ರೇಟಿನ ಗೆರೆಯೂ ಮೇಲಕ್ಕೆ ಹೋಗ್ತಾ ಹೀಗೇ ಕಡಿದಾಗುತ್ತೆ, ಆದರೆ ಬೇರೆ ಜಾಗದಲ್ಲಿ. ಇಂಥ ತಪ್ಪು ಹಿಡಿಯೋದು ಸುಲಭ: ಸಿಸ್ಟಮ್ 95 ಅನ್ನುತ್ತಿದ್ದು, ಕೌಂಟರಿನ ಬಿಲ್ಲುಗಳಲ್ಲಿ ಕೊಟ್ಟ ಪೀಸ್ 99ರ ಮೇಲಿದ್ದರೆ ಎಲ್ಲೋ ವ್ಯಾಖ್ಯೆ ಬದಲಾಗಿದೆ ಅಂತಲೇ ಅರ್ಥ.

ವ್ಯಾಖ್ಯೆ ಸರಿಮಾಡಿದ ಮೇಲೂ ಎರಡು ಕಡೆ ಕೈಕೊಟ್ಟಿತು. ವರ್ಷಕ್ಕೆ ಎರಡೋ ಮೂರೋ ಹೋಗುವ ಭಾಗಗಳಿಗೆ ಗಂಟೆಯಾಕಾರ ಹೊಂದಲ್ಲ; ಅವಕ್ಕೆ ಒಂದಿಡಬೇಕೋ ಎರಡಿಡಬೇಕೋ ಅನ್ನೋದಷ್ಟೇ ಪ್ರಶ್ನೆ, ಪಾಯ್ಸಾನ್ ಲೆಕ್ಕಕ್ಕೆ ಹೋದೆವು. ಬ್ರೇಕ್ ಶೂಗೆ ಪುಣೆಯ ಮಳೆಗಾಲದ ಬೇಡಿಕೆ ಬೇಸಿಗೆಯದರ ಜೊತೆ ಬೆರೆತು ಡೀವಿಯೇಶನ್ ಸುಮ್ಮನೆ ಊದಿಕೊಂಡಿತ್ತು, ಅದನ್ನು ಬೇರ್ಪಡಿಸಬೇಕಾಯಿತು.

ಗೆರೆಯ ಮೇಲೆ ಹತ್ತುವುದು ಬಿಟ್ಟು ಗೆರೆಯನ್ನೇ ಕೆಳಗಿಳಿಸುವ ದಾರಿಯೂ ಒಂದಿದೆ, ಲೀಡ್ ಟೈಮ್. ವಾರಗಳ ಬೇಡಿಕೆ ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುತ್ತಿದ್ದರೆ, ಡೀವಿಯೇಶನ್ ಲೀಡ್ ಟೈಮಿನ ವರ್ಗಮೂಲದಂತೆ ಬದಲಾಗುತ್ತೆ. ಮಾಲು ನಾಲ್ಕು ವಾರದ ಬದಲು ಒಂದೇ ವಾರಕ್ಕೆ ಬಂದರೆ 100 ಇದ್ದದ್ದು 50. ಎಂಟು ವರ್ಷಕ್ಕೊಮ್ಮೆ ಕೆಲಸ ಕೇಳುವ ಆ 99ರ ಮಟ್ಟಕ್ಕೂ ಆಗ 117 ಸೆಟ್ ಸಾಕು, ಮೊದಲಿನ 90ಕ್ಕೆ ಬೇಕಿದ್ದ 128ಕ್ಕಿಂತ ಕಡಿಮೆ. ಸಪ್ಲೈಯರು ಭೋಸರಿಯಲ್ಲೇ ಇದ್ದ ಐಟಮುಗಳಿಗೆ ವಾರಕ್ಕೊಮ್ಮೆ ಟೆಂಪೊ ಮಾಡಿಸಿದರು. ದೂರದಿಂದ ಬರುವವಕ್ಕೆ ಫಿಲ್ ರೇಟ್ 95ರಲ್ಲೇ ನಿಲ್ಲಿಸಿದರು. ಉಳಿದ ಐದಕ್ಕೆ, ಮಾವ ಮಾಡುತ್ತಿದ್ದ ಹಾಗೇ, ಗಿರಾಕಿಯ ಫೋನ್ ನಂಬರ್ ಬರೆದಿಟ್ಟುಕೊಳ್ಳೋಕೆ ಕೌಂಟರಿನಲ್ಲಿ ಒಂದು ಡೈರಿ ಇಟ್ಟರು.